ಸೊನ್ನೆಗೆ ಬಂದ ಮೇಲೆ ಏನಾಗುತ್ತದೆ?

ಫೋನಿನಲ್ಲಿ ಸೀರೆಯದೋ ಮಿಕ್ಸಿಯದೋ ಜಾಹೀರಾತು ಒತ್ತಿದರೆ ತೆರೆದುಕೊಳ್ಳುವ ಪುಟದ ನೆತ್ತಿಯಲ್ಲಿ ಈಗೀಗ ಒಂದು ಕೆಂಪು ಪಟ್ಟಿ ಇದ್ದೇ ಇರುತ್ತದೆ. ಅದರಲ್ಲಿ 14:59, 14:58 ಎಂದು ಸೆಕೆಂಡುಗಳು ಇಳಿಯುತ್ತಿರುತ್ತವೆ. ಅದರ ಕೆಳಗೆ ‘ಇನ್ನು ಮೂರೇ ಉಳಿದಿವೆ’ ಎಂಬ ಸಾಲು, ಅದರ ಕೆಳಗೆ ‘ಈಗ 27 ಮಂದಿ ನೋಡುತ್ತಿದ್ದಾರೆ’ ಎಂಬ ಇನ್ನೊಂದು ಸಾಲು. ಇವು ನಿಜವೋ ಸುಳ್ಳೋ ಎಂದು ತಿಳಿಯಲು ಯಾವ ಪರಿಣತಿಯೂ ಬೇಡ. ಏನನ್ನೂ ಕೊಳ್ಳದೆ ಹದಿನೈದು ನಿಮಿಷ ಸುಮ್ಮನೆ ಕಾದರೆ ಸಾಕು. ಗಡಿಯಾರ ಸೊನ್ನೆ ಮುಟ್ಟಿದಾಗ ಬೆಲೆ ಏರಿದರೆ ಅದು ಗಡುವು. ಗಡಿಯಾರ ಮತ್ತೆ 15:00ಕ್ಕೆ ಹಾರಿದರೆ, ಇಲ್ಲವೇ ಸೊನ್ನೆಯಲ್ಲೇ ನಿಂತು ಬೆಲೆ ಹಾಗೆಯೇ ಉಳಿದರೆ, ಅದು ಸುಳ್ಳು.

ಈ ಸುಳ್ಳು ಎಷ್ಟು ಸಾಮಾನ್ಯ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಬಂತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರುಣೇಶ್ ಮಾಥುರ್ ಮತ್ತು ಸಂಗಡಿಗರು ಸುಮಾರು 11,000 ಆನ್‌ಲೈನ್ ಅಂಗಡಿಗಳ ಪುಟಗಳನ್ನು ಒಂದು ಪ್ರೋಗ್ರಾಮಿನ ಮೂಲಕ ತೆರೆಸಿ ನೋಡಿದರು. ಅವರಿಗೆ 393 ಕಡೆ ಇಳಿಗಡಿಯಾರ ಸಿಕ್ಕಿತು. ಅವುಗಳಲ್ಲಿ 157 ಸುಳ್ಳೆಂದು ಸಾಬೀತಾಯಿತು. ಅವರ ವಿಧಾನ ಮೇಲೆ ಹೇಳಿದ್ದೇ: ಪುಟವನ್ನು ಮತ್ತೆ ಮತ್ತೆ ತೆರೆಯುವುದು, ಗಡುವು ಮುಗಿದ ಮೇಲೂ ಆಫರ್ ಉಳಿದಿದೆಯೇ ಎಂದು ನೋಡುವುದು. ಅದೇ ಅಧ್ಯಯನಕ್ಕೆ ‘ಇಷ್ಟೇ ಉಳಿದಿವೆ’ ಎಂಬಂಥ ಸಂದೇಶಗಳು 632 ಕಡೆ ಸಿಕ್ಕವು. ಆದರೆ ಸುಳ್ಳೆಂದು ತೋರಿಸಲು ಆದದ್ದು 17 ಮಾತ್ರ. ಹಾಗೆಂದು ಉಳಿದವೆಲ್ಲ ನಿಜ ಎಂದು ಅರ್ಥವಲ್ಲ. ಗೋದಾಮಿನಲ್ಲಿ ಏನಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ, ಗಡಿಯಾರ ಮಾತ್ರ ಎಲ್ಲರಿಗೂ ಕಾಣುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಮುಂದೆ ಕಾನೂನಿನ ವಿಷಯ ಬಂದಾಗ ಬೇಕಾಗುತ್ತದೆ.

ಇಂಥ ಗಡಿಯಾರ ಕಟ್ಟುವುದು ಎಷ್ಟು ಸುಲಭವೆಂದರೆ ಅದಕ್ಕೆ ನಾಲ್ಕೈದು ಸಾಲಿನ ಕೋಡ್ ಸಾಕು:

```
let end = Number(localStorage.getItem("end"));
if (!end || Date.now() > end) {
  end = Date.now() + 15 * 60 * 1000;
  localStorage.setItem("end", end);
}
```

ನೀವು ಮೊದಲ ಬಾರಿ ಬಂದಿದ್ದರೆ, ಅಥವಾ ಹಿಂದಿನ ಗಡುವು ಮುಗಿದಿದ್ದರೆ, ಈಗಿನಿಂದ ಹದಿನೈದು ನಿಮಿಷ ಎಂದು ಹೊಸ ಗಡುವು ಬರೆದುಕೊ ಎಂದು ಇದು ಬ್ರೌಸರಿಗೆ ಹೇಳುತ್ತದೆ. ಇಲ್ಲಿ ಬೆಲೆಯ ಮಾತೇ ಇಲ್ಲ, ದಾಸ್ತಾನಿನ ಮಾತೂ ಇಲ್ಲ. ಅಂಗಡಿಯ ಸರ್ವರಿಗೆ ಈ ಗಡಿಯಾರ ಇದೆಯೆಂಬುದೇ ಗೊತ್ತಿಲ್ಲ. ‘27 ಮಂದಿ ನೋಡುತ್ತಿದ್ದಾರೆ’ ಎಂಬ ಸಾಲಿನ ಹಿಂದೆ ಹಲವೆಡೆ `Math.random()` ಇರುತ್ತದೆ, ಅಂದರೆ ಅದು ಕಂಪ್ಯೂಟರ್ ಮನಸ್ಸಿಗೆ ಬಂದಂತೆ ಆಯ್ದ ಅಂಕಿ. ಇದನ್ನು ಅಂಗಡಿಯವರು ತಾವೇ ಬರೆಯುವುದು ಕಡಿಮೆ. ಹೊರಗಿನ ಕಂಪನಿಗಳು ಇಂಥವನ್ನು ಸಿದ್ಧ ತುಣುಕುಗಳಾಗಿ ಮಾರುತ್ತವೆ. ಪ್ರಿನ್ಸ್‌ಟನ್ ತಂಡ ಅಂಥ 22 ಪೂರೈಕೆದಾರರನ್ನು ಗುರುತಿಸಿತು. ಹಾಗಾಗಿ ಒಬ್ಬ ಸಣ್ಣ ವ್ಯಾಪಾರಿ ತನ್ನ ಪುಟದಲ್ಲಿ ಸುಳ್ಳು ಓಡುತ್ತಿದೆ ಎಂದು ಗೊತ್ತಿಲ್ಲದೆಯೇ ಅದನ್ನು ಓಡಿಸುತ್ತಿರಬಹುದು. ಥೀಮ್‌ನ ಸೆಟ್ಟಿಂಗಿನಲ್ಲಿ ಒಂದು ಬಟನ್ ಆನ್ ಆಗಿತ್ತು, ಅಷ್ಟೇ. ಆದರೆ ಹೊಣೆ ಅವನದ್ದೇ.

ಇದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಅದನ್ನು ಅಲ್ಲಗಳೆದು ಬರೆದರೆ ಈ ವಿಷಯಕ್ಕೆ ನ್ಯಾಯ ಸಿಗುವುದಿಲ್ಲ. ಕೊರತೆ ಕಂಡರೆ ಮನುಷ್ಯನಿಗೆ ಆಸೆ ಏರುತ್ತದೆ ಎಂಬುದಕ್ಕೆ ಸ್ಟೀಫನ್ ವರ್ಚೆಲ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಉಲ್ಲೇಖವಾಗುತ್ತದೆ. ಒಂದು ಜಾಡಿಯಲ್ಲಿ ಹತ್ತು ಬಿಸ್ಕತ್ತು, ಇನ್ನೊಂದರಲ್ಲಿ ಎರಡು. ಎರಡು ಇದ್ದ ಜಾಡಿಯ ಬಿಸ್ಕತ್ತೇ ಹೆಚ್ಚು ಬೇಕೆನಿಸಿತು, ಅದರ ಬೆಲೆಯೂ ಹೆಚ್ಚಿರಬೇಕೆಂದು ಜನ ಅಂದಾಜಿಸಿದರು. ಮೊದಲು ಹತ್ತಿದ್ದು ಆಮೇಲೆ ಎರಡಕ್ಕೆ ಇಳಿದಾಗ ಆಸೆ ಇನ್ನೂ ಹೆಚ್ಚಿತು. ಇಳಿಯುವ ಅಂಕಿ ತೋರಿಸುವ ಪುಟಗಳು ಹಿಡಿದಿರುವುದು ಇದೇ ಎಳೆಯನ್ನು. ಆದರೆ ಆ ಪ್ರಯೋಗದ ಇನ್ನೊಂದು ಭಾಗವನ್ನು ಮಾರಾಟದ ತರಬೇತಿಗಳಲ್ಲಿ ಯಾರೂ ಹೇಳುವುದಿಲ್ಲ. ತಿಂದ ಬಿಸ್ಕತ್ತಿನ ರುಚಿ ಹೇಗಿತ್ತು ಎಂದು ಕೇಳಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಕೊರತೆ ಆಸೆಯನ್ನು ಏರಿಸಿತು, ತೃಪ್ತಿಯನ್ನು ಏರಿಸಲಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆ ನಿಂತಿರುವುದು ಈ ಎರಡರ ನಡುವಿನ ಅಂತರದ ಮೇಲೆ. ಗಡಿಯಾರ ನೋಡಿ ಏರಿದ ಆಸೆ ಆರ್ಡರ್ ಒತ್ತಿಸುತ್ತದೆ. ಮೂರು ದಿನ ಬಿಟ್ಟು ಪಾರ್ಸೆಲ್ ಬಾಗಿಲಿಗೆ ಬರುವಾಗ ಆ ಆಸೆ ಇಳಿದಿರುತ್ತದೆ, ಉಳಿಯುವುದು ವಸ್ತು ಮಾತ್ರ. ನಮ್ಮ ದೇಶದಲ್ಲಿ ಸಣ್ಣ ಊರುಗಳ ಬಹುಪಾಲು ಖರೀದಿ ಇಂದಿಗೂ ಕ್ಯಾಶ್ ಆನ್ ಡೆಲಿವರಿಯಲ್ಲೇ ನಡೆಯುತ್ತದೆ. ಹಣ ಇನ್ನೂ ಕೈಬಿಟ್ಟಿಲ್ಲವಾದ್ದರಿಂದ ಬಾಗಿಲಲ್ಲೇ ‘ಬೇಡ’ ಎನ್ನುವುದು ಸುಲಭ. ಹಾಗೆ ವಾಪಸಾದ ಪಾರ್ಸೆಲ್ಲಿಗೆ ಕೊರಿಯರ್ ಭಾಷೆಯಲ್ಲಿ ಆರ್‌ಟಿಒ ಎನ್ನುತ್ತಾರೆ. ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಮಾರುವವನ ತಲೆಗೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ತೋರಿಸುವುದಕ್ಕೆಂದು ನಾನು ಇಟ್ಟುಕೊಂಡವು, ನಿಮ್ಮ ಅಂಗಡಿಯವನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ಒಬ್ಬರು 1,500 ರೂಪಾಯಿಯ ಸೀರೆ ಮಾರುತ್ತಾರೆ. ನೇಕಾರರಿಗೆ ಕೊಟ್ಟದ್ದು, ಪ್ಯಾಕಿಂಗ್ ಎಲ್ಲ ಸೇರಿ 950 ರೂಪಾಯಿ ಹೋದರೆ 550 ಉಳಿಯುತ್ತದೆ. ತಲುಪಿಸುವ ಖರ್ಚು 80 ಕಳೆದರೆ ಒಂದು ಸೀರೆಗೆ 470. ವಾಪಸಾದ ಪ್ರತಿ ಪಾರ್ಸೆಲ್ಲಿಗೆ ಹೋಗಿಬರುವ ಬಾಡಿಗೆ 140 ನಷ್ಟ. ಜಾಹೀರಾತಿಗೆ 20,000 ರೂಪಾಯಿ ಖರ್ಚು ಮಾಡಿ, ಕ್ಲಿಕ್ಕಿಗೆ 10 ರೂಪಾಯಿಯಂತೆ 2,000 ಜನರನ್ನು ಪುಟಕ್ಕೆ ತಂದರು ಎಂದಿಟ್ಟುಕೊಳ್ಳಿ.

ಗಡಿಯಾರವಿಲ್ಲದ ಪುಟದಲ್ಲಿ ನೂರಕ್ಕೆ ಮೂವರು ಕೊಂಡರು: 60 ಆರ್ಡರ್. ಹತ್ತು ವಾಪಸು, 50 ಮಾರಾಟ. 50 ಸೀರೆಯ ಗಳಿಕೆ 23,500. ವಾಪಸಿನ ನಷ್ಟ 1,400, ಜಾಹೀರಾತು 20,000 ಕಳೆದರೆ ಉಳಿತಾಯ 2,100 ರೂಪಾಯಿ. ಸುಳ್ಳು ಗಡಿಯಾರ ಹಾಕಿದ ಪುಟದಲ್ಲಿ ನೂರಕ್ಕೆ ನಾಲ್ವರು ಕೊಂಡರು: 80 ಆರ್ಡರ್. ಆದರೆ 32 ವಾಪಸು ಬಂದವು, ನಿಂತದ್ದು 48. ಗಳಿಕೆ 22,560. ವಾಪಸಿನ ನಷ್ಟ 4,480, ಜಾಹೀರಾತು 20,000. ಕೊನೆಗೆ 1,920 ರೂಪಾಯಿ ಕೈಯಿಂದ ಹೋಯಿತು. ಜಾಹೀರಾತಿನ ಡ್ಯಾಶ್‌ಬೋರ್ಡ್ ತೋರಿಸುವುದು ಮಾತ್ರ 80 ಮತ್ತು 60 ಎಂಬ ಅಂಕಿಯನ್ನು. ‘ಖರೀದಿ’ ಎಂದು ಅಲ್ಲಿ ದಾಖಲಾಗುವುದು ಆರ್ಡರ್ ಒತ್ತಿದ ಗಳಿಗೆಯಲ್ಲಿ, ಪಾರ್ಸೆಲ್ ಕೈಸೇರಿದಾಗ ಅಲ್ಲ. ಅದನ್ನೇ ನಂಬಿದವರಿಗೆ ಸುಳ್ಳು ಗಡಿಯಾರವೇ ಗೆದ್ದಂತೆ ಕಾಣುತ್ತದೆ.

ಈ ಲೆಕ್ಕ ಎಲ್ಲಿ ತಿರುಗುತ್ತದೆ ಎಂಬುದನ್ನೂ ಹೇಳಬೇಕು. ಗಡಿಯಾರದ ಪುಟದಲ್ಲಿ 25 ಅಥವಾ ಅದಕ್ಕಿಂತ ಕಡಿಮೆ ಪಾರ್ಸೆಲ್ ವಾಪಸು ಬಂದಿದ್ದರೆ ಆ ತಿಂಗಳ ಪುಸ್ತಕದಲ್ಲಿ ಸುಳ್ಳೇ ಹೆಚ್ಚು ಲಾಭ ತೋರಿಸುತ್ತಿತ್ತು. ಮುಂಗಡ ಹಣ ಕಟ್ಟಿಸಿಕೊಳ್ಳುವ ಅಂಗಡಿಗಳಲ್ಲಿ ವಾಪಸು ಕಡಿಮೆಯೇ ಇರುತ್ತದೆ. ಆದ್ದರಿಂದ ‘ಸುಳ್ಳು ಎಂದೂ ಲಾಭ ತರುವುದಿಲ್ಲ’ ಎಂದು ನಾನು ಹೇಳಲಾರೆ. ಒಂದು ತಿಂಗಳಿಗೆ ತರಬಹುದು. ಅದು ಮುರಿಯುವುದು ಎರಡನೆಯ ಬಾರಿಗೆ. ಮೊನ್ನೆ ಗಡಿಯಾರಕ್ಕೆ ಹೆದರಿ ಕೊಂಡ ಹೆಂಗಸು ನಿನ್ನೆ ಅದೇ ಪುಟದಲ್ಲಿ ಅದೇ ಬೆಲೆ ಕಂಡರೆ ಆಮೇಲೆ ಆ ಅಂಗಡಿಯ ನಿಜವಾದ ರಿಯಾಯಿತಿಯನ್ನೂ ನಂಬುವುದಿಲ್ಲ. ಆಗ ಅದೇ ಗಿರಾಕಿಯನ್ನು ಮತ್ತೆ ಹತ್ತು ರೂಪಾಯಿಯ ಕ್ಲಿಕ್ಕಿಗೆ ಕೊಂಡುಕೊಳ್ಳಬೇಕು, ಕೊಂಡರೂ ಅವಳು ಆತುರಪಡುವುದಿಲ್ಲ. ಈ ನಷ್ಟ ಯಾವ ಡ್ಯಾಶ್‌ಬೋರ್ಡಿನಲ್ಲೂ ಕಾಣುವುದಿಲ್ಲ. ಕಾಣಬೇಕಾದರೆ ಎರಡು ಪುಟಗಳ ಗಿರಾಕಿಗಳನ್ನು ಬೇರೆಬೇರೆಯಾಗಿ ಗುರುತಿಸಿಟ್ಟುಕೊಂಡು, ಮೂರು ತಿಂಗಳ ನಂತರ ಯಾರು ತಾವಾಗಿಯೇ ಮರಳಿ ಬಂದರು ಎಂದು ನೋಡಬೇಕು. ಒಂದು ವಾರದ ಪರೀಕ್ಷೆಯಲ್ಲಿ ಗೆದ್ದ ಪುಟವನ್ನೇ ಉಳಿಸಿಕೊಳ್ಳುವ ಅಭ್ಯಾಸವೇ ಸುಳ್ಳು ಗಡಿಯಾರಗಳನ್ನು ಇಷ್ಟು ಹರಡಿದ್ದು ಎಂದು ನನಗೆ ಅನಿಸುತ್ತದೆ.

ಇನ್ನೊಂದು ಹಾನಿ ಇದಕ್ಕಿಂತ ಒಳಗಿನದು. ಜಾಹೀರಾತು ವೇದಿಕೆಯ ಯಂತ್ರ ನಿಮ್ಮ ‘ಖರೀದಿ’ಗಳನ್ನು ನೋಡಿ, ಅಂಥವರನ್ನೇ ಇನ್ನಷ್ಟು ಹುಡುಕಿ ತರುತ್ತದೆ. ಆರ್ಡರ್ ಮಾಡಿ ಬಾಗಿಲಲ್ಲಿ ತಿರಸ್ಕರಿಸುವವರನ್ನೇ ಖರೀದಿದಾರರು ಎಂದು ನೀವು ಅದಕ್ಕೆ ಕಲಿಸಿದರೆ ಅದು ಶ್ರದ್ಧೆಯಿಂದ ಅವರನ್ನೇ ತಂದುಕೊಡುತ್ತದೆ. ಗೂಗಲ್ ಆಡ್ಸ್‌ನಲ್ಲಿ ರದ್ದಾದ ಆರ್ಡರನ್ನು ಆಮೇಲೆ ಲೆಕ್ಕದಿಂದ ಹಿಂತೆಗೆಯುವ ಸೌಲಭ್ಯ ಇದೆ. ಸಣ್ಣ ವ್ಯಾಪಾರಿಗಳಲ್ಲಿ ಅದನ್ನು ಬಳಸುವವರು ವಿರಳ.

ಈಗ ಖಾತೆಯ ವಿಷಯ. ಆನ್‌ಲೈನಿನಲ್ಲಿ ಮಾರುವವರಿಗೆ ಜಾಹೀರಾತು ಖಾತೆಯೇ ಅಂಗಡಿಯ ಬಾಗಿಲು. ಅದು ಮುಚ್ಚಿದರೆ ಒಳಗೆ ಎಷ್ಟು ಒಳ್ಳೆಯ ಸರಕಿದ್ದರೂ ಯಾರೂ ಬರುವುದಿಲ್ಲ. ಗೂಗಲ್ ತನ್ನ ಜಾಹೀರಾತು ನೀತಿಯಲ್ಲಿ ತಪ್ಪು ನಿರೂಪಣೆ ಎಂಬ ದೊಡ್ಡ ಶೀರ್ಷಿಕೆ ಇಟ್ಟಿದೆ. ಈಗ ಸಿಗದ ಆಫರನ್ನು ಸಿಗುತ್ತದೆ ಎನ್ನುವುದು, ಬೆಲೆಯನ್ನು ಮರೆಮಾಚುವುದು, ಭಯ ಅಥವಾ ಆತಂಕ ಹುಟ್ಟಿಸಿ ತಕ್ಷಣ ಕ್ಲಿಕ್ ಮಾಡಿಸುವುದು ಎಲ್ಲ ಅದರಡಿ ಬರುತ್ತವೆ. ಸಾಮಾನ್ಯ ಉಲ್ಲಂಘನೆಗೆ ಮೊದಲು ಎಚ್ಚರಿಕೆ ಕೊಟ್ಟು, ಕನಿಷ್ಠ 7 ದಿನದ ನಂತರ ಖಾತೆಯನ್ನು ಅಮಾನತು ಮಾಡುತ್ತಾರೆ. ಗಿರಾಕಿಯನ್ನು ವಂಚಿಸುವ ಉದ್ದೇಶವೇ ಇದೆ ಎಂದು ಅವರಿಗೆ ತೋರಿದರೆ ಎಚ್ಚರಿಕೆಯೂ ಇಲ್ಲ, ನೇರವಾಗಿ ಅಮಾನತು. ಆಮೇಲೆ ಇನ್ನೊಂದು ಹೆಸರಿನಲ್ಲಿ ಹೊಸ ಖಾತೆ ತೆರೆಯುವವರು ಬಹಳ. ಅದು ವ್ಯವಸ್ಥೆಯನ್ನು ತಪ್ಪಿಸಿ ನುಸುಳುವ ಪ್ರಯತ್ನ ಎಂಬ, ಮೊದಲಿನದಕ್ಕಿಂತ ದೊಡ್ಡ ಅಪರಾಧವಾಗುತ್ತದೆ. ಒಂದೇ ವ್ಯವಹಾರಕ್ಕೆ ಸೇರಿದ ಬೇರೆ ಖಾತೆಗಳೂ ಅದರೊಂದಿಗೆ ಹೋಗಬಹುದು.

ಬೆಲೆಯ ವಿಷಯದಲ್ಲಿ ಗೂಗಲ್ ಮರ್ಚೆಂಟ್ ಸೆಂಟರಿನ ನಿಯಮ ಇನ್ನೂ ಸ್ಪಷ್ಟ. ಹಳೆಯ ಬೆಲೆಗೆ ಗೀಟು ಎಳೆದು ರಿಯಾಯಿತಿ ಎಂದು ಅವರ ಪಟ್ಟಿಯಲ್ಲಿ ತೋರಿಸಬೇಕಾದರೆ, ಕಳೆದ 200 ದಿನಗಳಲ್ಲಿ ಒಟ್ಟು 30 ದಿನವಾದರೂ ಆ ಹಳೆಯ ಬೆಲೆಗೆ ವಸ್ತುವನ್ನು ಮಾರಾಟಕ್ಕೆ ಇಟ್ಟಿರಬೇಕು. ಆ 30 ದಿನ ಒಂದರ ಹಿಂದೊಂದು ಇರಬೇಕೆಂದಿಲ್ಲ. ಎಂದೂ ಕೇಳದ 3,999ಕ್ಕೆ ಗೀಟು ಹಾಕಿ 1,500 ಎಂದು ಬರೆಯುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ರಿಯಾಯಿತಿಗೆ ಆರಂಭ ಮತ್ತು ಕೊನೆಯ ದಿನಾಂಕ ಕೊಡಲು `sale_price_effective_date` ಎಂಬ ಅಂಕಣವೂ ಇದೆ. ಅಲ್ಲಿ ಬರೆದ ದಿನಾಂಕಕ್ಕೂ ಪುಟದ ಗಡಿಯಾರಕ್ಕೂ ತಾಳೆ ಇಲ್ಲದಿದ್ದರೆ ನಿಮ್ಮ ವಿರುದ್ಧ ನಿಮ್ಮದೇ ಸಾಕ್ಷಿ ಇದ್ದಂತೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದಲ್ಲಿ ಶಿಕ್ಷೆ ಹಲವು ಬಾರಿ ಸದ್ದಿಲ್ಲದೆ ಬರುತ್ತದೆ. ಅಲ್ಲಿ ಯಾವ ಜಾಹೀರಾತು ಕಾಣಬೇಕು ಎಂಬ ಹರಾಜಿನಲ್ಲಿ ನೀವು ಕೊಡುವ ಹಣ ಒಂದು ಅಂಶ ಮಾತ್ರ. ನೋಡಿದವರು ಕ್ಲಿಕ್ ಮಾಡುವ, ಕೊಳ್ಳುವ ಸಂಭವ ಎಷ್ಟು, ಜಾಹೀರಾತಿನ ಗುಣಮಟ್ಟ ಎಂಥದ್ದು ಎಂಬುವೂ ಸೇರುತ್ತವೆ. ಎಷ್ಟು ಜನ ಅದನ್ನು ಮರೆಮಾಡಿದರು, ದೂರು ಕೊಟ್ಟರು ಎಂಬುದು ಆ ಗುಣಮಟ್ಟದ ಲೆಕ್ಕಕ್ಕೆ ಹೋಗುತ್ತದೆ. ಉತ್ಪ್ರೇಕ್ಷೆಯ ಮಾತು, ಮುಖ್ಯ ಮಾಹಿತಿಯನ್ನು ಬಚ್ಚಿಡುವುದು ಇವೂ ಅಂಕ ಇಳಿಸುತ್ತವೆ. ಕೊಂಡವರಿಗೆ ‘ನಿಮ್ಮ ಅನುಭವ ಹೇಗಿತ್ತು’ ಎಂದು ಕೇಳಿ ಅಂಗಡಿಯ ಪುಟಕ್ಕೆ ಅಂಕ ಕೊಡುವ ವ್ಯವಸ್ಥೆಯನ್ನೂ ಮೆಟಾ ಮಾಡಿಕೊಂಡಿದೆ. ಅಂಕ ತೀರಾ ಇಳಿದರೆ ಅದೇ ಹಣಕ್ಕೆ ಕಡಿಮೆ ಜನರನ್ನು ತಲುಪುತ್ತೀರಿ, ಇನ್ನೂ ಇಳಿದರೆ ಜಾಹೀರಾತು ಹಾಕುವ ಅವಕಾಶವೇ ಹೋಗುತ್ತದೆ. ‘ಈಚೆಗೆ ಜಾಹೀರಾತು ದುಬಾರಿಯಾಗಿದೆ’ ಎಂದು ಗೊಣಗುವ ವ್ಯಾಪಾರಿ ತನ್ನ ಕ್ಲಿಕ್ಕಿನ ದರ ಏರಿದ ತಿಂಗಳು ಮತ್ತು ಪುಟಕ್ಕೆ ಗಡಿಯಾರ ಬಂದ ತಿಂಗಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಕಾರಣ ಬೇರೆಯೂ ಇರಬಹುದು, ಆದರೆ ನೋಡದೆ ತಿಳಿಯುವುದಿಲ್ಲ.

ಸಾಕ್ಷಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಮೆಟಾದ ಆಡ್ ಲೈಬ್ರರಿ ಎಲ್ಲರಿಗೂ ತೆರೆದಿದೆ. ಯಾವ ಜಾಹೀರಾತು ಯಾವ ದಿನ ಶುರುವಾಯಿತು ಎಂದು ಅಲ್ಲಿ ಬರೆದಿರುತ್ತದೆ. ‘ಇಂದು ಮಧ್ಯರಾತ್ರಿಗೆ ಕೊನೆ’ ಎಂಬ ಜಾಹೀರಾತಿನ ಕೆಳಗೆ ಆರು ವಾರ ಹಿಂದಿನ ದಿನಾಂಕ ಇದ್ದರೆ ಅಲ್ಲಿಗೆ ವಾದ ಮುಗಿಯಿತು. ಗಿರಾಕಿಯೂ ನೋಡಬಹುದು, ಪ್ರತಿಸ್ಪರ್ಧಿಯೂ ನೋಡಬಹುದು, ಅಧಿಕಾರಿಯೂ ನೋಡಬಹುದು. ಸಂತೆಯಲ್ಲಿ ‘ಇದೇ ಕೊನೆಯ ಗಂಟು’ ಎಂದು ಕೂಗಿದ ಮಾತು ಗಾಳಿಗೆ ಹೋಗುತ್ತಿತ್ತು. ಆನ್‌ಲೈನಿನ ಮಾತು ದಿನಾಂಕದ ಮುದ್ರೆಯೊಂದಿಗೆ ಉಳಿಯುತ್ತದೆ.

ಅಧಿಕಾರಿಗಳೂ ಸುಮ್ಮನಿಲ್ಲ. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಗಿರಾಕಿಯನ್ನು ಪುಟದ ವಿನ್ಯಾಸದಿಂದಲೇ ದಾರಿ ತಪ್ಪಿಸುವ 13 ಬಗೆಗಳನ್ನು ಅದು ಪಟ್ಟಿ ಮಾಡಿದೆ. ಪಟ್ಟಿಯ ಮೊದಲ ಹೆಸರೇ ಸುಳ್ಳು ತುರ್ತು. ಇರುವುದಕ್ಕಿಂತ ಕಡಿಮೆ ಸರಕಿದೆ ಎನ್ನುವುದು, ಇಲ್ಲದ ಜನಪ್ರಿಯತೆ ತೋರಿಸುವುದು ಎರಡೂ ಅದರೊಳಗೆ ಬರುತ್ತವೆ. ಎರಡೇ ಕೋಣೆ ಉಳಿದಿವೆ, 30 ಮಂದಿ ನೋಡುತ್ತಿದ್ದಾರೆ ಎಂಬಂಥ ಸಂದೇಶವನ್ನೇ ಮಾರ್ಗಸೂಚಿ ಉದಾಹರಣೆಯಾಗಿ ಕೊಟ್ಟಿದೆ. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಅಂದುಕೊಂಡವರು ಬಹಳ. ಅದು ವೇದಿಕೆಗಳಿಗೂ ಜಾಹೀರಾತುದಾರರಿಗೂ ಮಾರುವವರಿಗೂ ಅನ್ವಯಿಸುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಯುರೋಪಿನಲ್ಲಿ ಇದು ಹೊಸದೇನಲ್ಲ. ಅಲ್ಲಿನ ಅನುಚಿತ ವ್ಯಾಪಾರ ಪದ್ಧತಿಗಳ ನಿರ್ದೇಶನ 2005ರಷ್ಟು ಹಿಂದೆಯೇ, ಸ್ವಲ್ಪವೇ ಕಾಲ ಸಿಗುತ್ತದೆ ಎಂದು ಸುಳ್ಳು ಹೇಳಿ ಗಿರಾಕಿಯನ್ನು ಅವಸರಿಸುವುದನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದ ಪದ್ಧತಿಗಳ ಪಟ್ಟಿಗೆ ಸೇರಿಸಿತ್ತು.

ಹೊರದೇಶದ ಎರಡು ಪ್ರಕರಣಗಳನ್ನು ಇಲ್ಲಿ ನೋಡಲೇಬೇಕು, ಏಕೆಂದರೆ ಎರಡರಲ್ಲೂ ತೊಂದರೆ ಹುಟ್ಟಿದ್ದು ಅಂಕಿಯ ಸುತ್ತಲಿನ ಮೌನದಿಂದ. ಬುಕಿಂಗ್ ಡಾಟ್ ಕಾಮ್ ಪುಟದಲ್ಲಿ ‘ಕೊನೆಯ ಕೋಣೆ’ ಎಂದು ಬರುತ್ತಿತ್ತು. ಅದು ಆ ಹೋಟೆಲು ಆ ತಾಣಕ್ಕೆ ಬಿಟ್ಟುಕೊಟ್ಟ ಕೋಣೆಗಳಲ್ಲಿ ಕೊನೆಯದು. ಹೋಟೆಲಿಗೇ ಫೋನ್ ಮಾಡಿದರೆ ಇನ್ನೂ ಕೋಣೆ ಇರಬಹುದಿತ್ತು. 2019ರ ಡಿಸೆಂಬರಿನಲ್ಲಿ ಆ ಕಂಪನಿ ಯುರೋಪಿಯನ್ ಕಮಿಷನ್‌ಗೆ ಮಾತು ಕೊಟ್ಟಿತು: ಇನ್ನು ಮುಂದೆ ಇಂಥ ಸಾಲು ತನ್ನ ತಾಣದ ಲೆಕ್ಕ ಮಾತ್ರ ಎಂದು ಸ್ಪಷ್ಟಪಡಿಸುತ್ತೇವೆ, ಆಮೇಲೂ ಅದೇ ಬೆಲೆ ಸಿಗುವುದಾದರೆ ಆಫರಿಗೆ ಕಾಲಮಿತಿ ಇದೆ ಎನ್ನುವುದಿಲ್ಲ. ಇನ್ನೊಂದು, ಟಿಕೆಟ್ ಮರುಮಾರಾಟ ಮಾಡುವ ವಿಯಾಗೊಗೊ. ‘ಶೇಕಡಾ ಒಂದಕ್ಕಿಂತ ಕಡಿಮೆ ಟಿಕೆಟ್ ಉಳಿದಿವೆ’ ಎಂಬ ಅದರ ಸಾಲು ತನ್ನ ತಾಣದ ಟಿಕೆಟ್ಟುಗಳ ಬಗ್ಗೆ ಎಂದು ಹೇಳಿರಲಿಲ್ಲ. ಓದಿದವರು ಇಡೀ ಕಾರ್ಯಕ್ರಮದ ಟಿಕೆಟ್ಟೇ ಮುಗಿಯುತ್ತಿದೆ ಎಂದುಕೊಂಡರು. ಆಸ್ಟ್ರೇಲಿಯದ ಫೆಡರಲ್ ಕೋರ್ಟ್ ಇಂಥ ದಾರಿತಪ್ಪಿಸುವ ಹೇಳಿಕೆಗಳಿಗಾಗಿ 2020ರಲ್ಲಿ 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಗೋದಾಮು ಹೊರಗಿನವರಿಗೆ ಕಾಣುವುದಿಲ್ಲ ಎಂದು ಮೇಲೆ ಹೇಳಿದೆ. ಈ ಎರಡು ಪ್ರಕರಣಗಳು ಅದಕ್ಕೆ ಉತ್ತರ ಕೊಡುತ್ತವೆ. ಅಂಕಿ ತನ್ನಷ್ಟಕ್ಕೆ ಸರಿಯಿದ್ದರೂ ಅದು ಯಾವುದರ ಅಂಕಿ ಎಂದು ಹೇಳದಿದ್ದರೆ ತಪ್ಪು ತಪ್ಪೇ. ಸಣ್ಣ ಅಂಗಡಿಗೂ ಇದು ಸಲ್ಲುತ್ತದೆ. ‘ಮೂರೇ ಉಳಿದಿವೆ’ ಎಂದರೆ ಯಾವ ಬಣ್ಣದಲ್ಲಿ, ಯಾವ ಅಳತೆಯಲ್ಲಿ, ಮತ್ತೆ ಬರುತ್ತದೆಯೋ ಇಲ್ಲವೋ?

ಹಾಗಾದರೆ ಅವಸರ ಎಂಬ ಮಾತೇ ಆಡಬಾರದೇ? ಆಡಬಹುದು. ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಗಡುವಿಗೆ ಕಾರಣ ಜಾಹೀರಾತಿನ ಹೊರಗೆ ಇರಬೇಕು. ಆಷಾಢದ ರಿಯಾಯಿತಿಯನ್ನು ತೆಗೆದುಕೊಳ್ಳಿ. ಆ ತಿಂಗಳು ನಮ್ಮಲ್ಲಿ ಮದುವೆ, ಗೃಹಪ್ರವೇಶ ನಡೆಯುವುದು ಕಡಿಮೆ. ಜವಳಿ ಅಂಗಡಿಗಳಲ್ಲಿ ಸರಕು ನಿಲ್ಲುತ್ತದೆ, ಅದನ್ನು ಕರಗಿಸಲು ಬೆಲೆ ಇಳಿಸುತ್ತಾರೆ. ಶ್ರಾವಣ ಬಂದು ಹಬ್ಬಗಳು ಶುರುವಾದರೆ ರಿಯಾಯಿತಿ ಕೊಡುವ ಅಗತ್ಯ ಅಂಗಡಿಗೇ ಇರುವುದಿಲ್ಲ. ಪಂಚಾಂಗವೇ ಗಡುವು ಹಾಕಿಕೊಟ್ಟಿದೆ, ಯಾರೂ ಗಡಿಯಾರ ತೂಗುಹಾಕಬೇಕಿಲ್ಲ. ಗಿರಾಕಿಗೂ ಕಾರಣ ಗೊತ್ತು, ಆದ್ದರಿಂದ ನಂಬುತ್ತಾಳೆ.

ಕೊರತೆಯ ವಿಷಯದಲ್ಲೂ ಹಾಗೆಯೇ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆಯಂತೆ ಒಂದಕ್ಕೊಂದು ಸಿಕ್ಕಿಸಿ ಸೇರಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಈ ಜೋಡಣೆ ಇರುವುದರಿಂದ ಬೇಡಿಕೆ ಬಂತೆಂದು ನಾಳೆಗೆ ನೂರು ಸೀರೆ ಮಾಡಲಾಗುವುದಿಲ್ಲ. ಇಲ್ಲಿ ಕೊರತೆ ನಿಜ, ಅದನ್ನು ಹೇಳುವುದು ಮಾಹಿತಿ ಕೊಡುವುದೇ ಆಗಿದೆ. ಹೇಳುವ ರೀತಿ ಹೀಗಿರಬಹುದು: ‘ಈ ಬಣ್ಣದಲ್ಲಿ ನಮ್ಮಲ್ಲಿ ಈಗ ಆರು ಕೈಮಗ್ಗದ ಸೀರೆ ಇವೆ. ಮಗ್ಗದ ಮೇಲೆ ಇನ್ನೂ ನಾಲ್ಕು ಇವೆ, ಬರಲು ಸುಮಾರು ಮೂರು ವಾರ ಬೇಕು. ಕಾಯುವವರು ಹೆಸರು ಬರೆಸಿ, ಬೆಲೆ ಇದೇ ಇರುತ್ತದೆ.’ ಇದನ್ನು ಓದಿದವರಲ್ಲಿ ಮುಂದಿನ ವಾರ ಮದುವೆಗೆ ಬೇಕಾದವರು ಈಗಲೇ ಕೊಳ್ಳುತ್ತಾರೆ, ಅವಸರವಿಲ್ಲದವರು ಹೆಸರು ಬರೆಸುತ್ತಾರೆ. ಅವಸರ ನಿಜವಾಗಿ ಇರುವವರಿಗೆ ಮಾತ್ರ ಅವಸರ ತಟ್ಟಿತು. ಹೆಸರು ಬರೆಸಿದವರ ಪಟ್ಟಿ ಮುಂದಿನ ಸಲಕ್ಕೆ ಕ್ಲಿಕ್ಕಿನ ಖರ್ಚಿಲ್ಲದ ಗಿರಾಕಿಗಳನ್ನು ಕೊಡುತ್ತದೆ. ಅಂಕಿ ಮಾತ್ರ ದಾಸ್ತಾನಿನ ಪುಸ್ತಕದಿಂದಲೇ ಬರಬೇಕು. ಒಂದು ಸೀರೆ ಮಾರಾಟವಾದರೆ ಪುಟದಲ್ಲಿ ಆರು ಐದಾಗಬೇಕು, ವಾಪಸು ಬಂದರೆ ಐದು ಮತ್ತೆ ಆರಾಗಬೇಕು. ಏರುವ ಅಂಕಿಯನ್ನು ತೋರಿಸಲು ಹಿಂಜರಿಯದ ಅಂಗಡಿಯ ಇಳಿಯುವ ಅಂಕಿಯನ್ನು ಜನ ನಂಬುತ್ತಾರೆ.

ನಡುವೆ ಒಂದು ಕಷ್ಟದ ಪ್ರಕರಣ ಇದೆ, ಇದರ ಬಗ್ಗೆ ಮಾರಾಟದವರಲ್ಲೇ ಭಿನ್ನಾಭಿಪ್ರಾಯ ಇದೆ. ಪ್ರತಿ ಹೊಸ ಗಿರಾಕಿಗೂ ಅವರು ಬಂದ ದಿನದಿಂದ ಏಳು ದಿನ ರಿಯಾಯಿತಿ ಕೊಡುವುದು. ಎಲ್ಲರಿಗೂ ಬೇರೆಬೇರೆ ಗಡುವು. ಇದು ಸುಳ್ಳೇ? ಗಿರಾಕಿ ತನ್ನ ಮೊಬೈಲ್ ನಂಬರ್ ಕೊಟ್ಟು ಕೂಪನ್ ಪಡೆದಿದ್ದು, ಎಂಟನೆಯ ದಿನ ಆ ಕೂಪನ್ ಸರ್ವರಿನಲ್ಲಿ ನಿಜವಾಗಿ ರದ್ದಾಗುವುದಾದರೆ ಅದು ಸ್ವಾಗತದ ಕೊಡುಗೆ. ‘ಇದು ಹೊಸಬರಿಗೆ, ಏಳು ದಿನ’ ಎಂದು ಹೇಳಿದರೆ ತಕರಾರಿಲ್ಲ. ಆದರೆ ಅದನ್ನೇ ‘ಸೇಲ್ ಭಾನುವಾರ ಮುಗಿಯುತ್ತದೆ’ ಎಂದು ಒಬ್ಬರಿಗೂ ‘ಬುಧವಾರ ಮುಗಿಯುತ್ತದೆ’ ಎಂದು ಇನ್ನೊಬ್ಬರಿಗೂ ತೋರಿಸಿದರೆ, ಅಂಥ ಸೇಲ್ ಇಲ್ಲವೇ ಇಲ್ಲ. ಗಂಡನ ಫೋನಿನಲ್ಲೂ ಹೆಂಡತಿಯ ಫೋನಿನಲ್ಲೂ ಒಂದೇ ಪುಟ ತೆರೆದು ಪಕ್ಕದಲ್ಲಿಟ್ಟರೆ ಗುಟ್ಟು ಬಯಲಾಗುತ್ತದೆ.

ಈಗಾಗಲೇ ಗಡಿಯಾರ ಹಾಕಿಕೊಂಡು ಕುಳಿತಿರುವ ವ್ಯಾಪಾರಿ ಏನು ಮಾಡಬೇಕು? ಮೊದಲು ತನ್ನ ಪುಟವನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು, ಆ ಕಿಟಕಿಯನ್ನು ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಹೊಸದರಲ್ಲಿ ಮತ್ತೆ ತೆರೆದು ಗಡಿಯಾರದ ಅಂಕಿ ಹೋಲಿಸಬೇಕು. ಆಮೇಲೆ ಸೊನ್ನೆ ಆಗುವವರೆಗೆ ಬಿಟ್ಟು ಬೆಲೆ ನೋಡಬೇಕು. ‘ಮೂರೇ ಉಳಿದಿವೆ’ ಎಂದಿರುವ ವಸ್ತುವನ್ನು ಕಾರ್ಟಿಗೆ ಹತ್ತು ಹಾಕಲು ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಸುಳ್ಳು ಕಂಡರೆ ಆ ತುಣುಕನ್ನು ತೆಗೆಯುವುದು ಸುಲಭ. ಆದರೆ ಅಲ್ಲಿಗೇ ನಿಂತರೆ ಸಾಲದು. ಅದೇ ಮಾತು ಜಾಹೀರಾತಿನ ವಿಡಿಯೊದಲ್ಲಿ, ಚಿತ್ರದ ಮೇಲಿನ ಅಕ್ಷರಗಳಲ್ಲಿ, ವಾಟ್ಸಾಪ್ ಸಂದೇಶದಲ್ಲಿ ಇನ್ನೂ ಓಡುತ್ತಿರುತ್ತದೆ. ಪುಟದಲ್ಲಿ ಗಡಿಯಾರವಿಲ್ಲ, ಜಾಹೀರಾತು ‘ಎರಡೇ ಗಂಟೆ’ ಎನ್ನುತ್ತಿದೆ ಎಂದಾದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಇನ್ನೂ ಖಚಿತ. ಖಾತೆ ಈಗಾಗಲೇ ಅಮಾನತಾಗಿದ್ದರೆ ಮೇಲ್ಮನವಿ ಹಾಕುವ ಮುನ್ನ ಇದೆಲ್ಲವನ್ನೂ ಸರಿಪಡಿಸಿ, ಏನು ತೆಗೆದಿರಿ, ಎಂದು ತೆಗೆದಿರಿ ಎಂದು ಬರೆಯಬೇಕು. ‘ನಮ್ಮದೇನೂ ತಪ್ಪಿಲ್ಲ’ ಎಂದು ಬರೆದ ಮನವಿಗೆ ಪುಟದಲ್ಲಿ ಓಡುತ್ತಿರುವ ಗಡಿಯಾರವೇ ಉತ್ತರ ಕೊಡುತ್ತದೆ. ಗಡಿಯಾರ ತೆಗೆದ ಮೊದಲ ಒಂದೆರಡು ವಾರ ಆರ್ಡರ್ ಇಳಿಯುತ್ತದೆ. ಆ ವಾರಗಳಲ್ಲಿ ವಾಪಸಿನ ಲೆಕ್ಕವನ್ನು ಜೊತೆಯಲ್ಲಿಟ್ಟು ನೋಡದವರು ಹೆದರಿ ಗಡಿಯಾರವನ್ನು ಮತ್ತೆ ತಂದು ಕೂರಿಸುತ್ತಾರೆ.

ಕೊನೆಯದಾಗಿ, ಪ್ರಾಮಾಣಿಕ ವ್ಯಾಪಾರಿಗೂ ಎದುರಾಗುವ ಒಂದು ಸಂದರ್ಭ. ಭಾನುವಾರ ಮುಗಿಯುತ್ತದೆ ಎಂದು ನಂಬಿ ಹೇಳಿದ ಸೇಲನ್ನು ವಿಸ್ತರಿಸಬೇಕಾಗಿ ಬರುತ್ತದೆ. ಮಳೆ ಬಂದು ಕೊರಿಯರ್ ನಿಂತಿತು, ಸರ್ವರ್ ಕೈಕೊಟ್ಟಿತು, ಇಲ್ಲವೇ ಸರಕು ಅರ್ಧವೇ ಹೋಯಿತು. ಮೊದಲ ಎರಡಕ್ಕೆ ವಿಸ್ತರಿಸುವುದರಲ್ಲಿ ತಪ್ಪಿಲ್ಲ, ಕಾರಣವನ್ನು ಪುಟದಲ್ಲೇ ಬರೆದರೆ ಸಾಕು. ಮೂರನೆಯದಕ್ಕೆ ವಿಸ್ತರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೋಮವಾರ ಹಳೆಯ ಬೆಲೆಗೆ ಮರಳಬೇಕು. ಉಳಿದ ಸರಕಿಗೆ ಒಂದು ತಿಂಗಳ ನಂತರ ಬೇರೆ ಕಾರಣಕ್ಕೆ, ಬೇರೆ ಹೆಸರಿನಲ್ಲಿ ರಿಯಾಯಿತಿ ಕೊಡಬಹುದು. ಯಾವ ಕಾರಣಕ್ಕೇ ವಿಸ್ತರಿಸಿದರೂ ಭಾನುವಾರದೊಳಗೆ ಓಡಿಬಂದು ಕೊಂಡವರಿಗೆ ಒಂದು ಸಂದೇಶ ಹೋಗಲೇಬೇಕು: ಸೇಲನ್ನು ಎರಡು ದಿನ ಮುಂದುವರಿಸಿದ್ದೇವೆ, ಕಾರಣ ಇದು, ನೀವು ಅವಸರದಲ್ಲಿ ಬಣ್ಣವನ್ನೋ ಅಳತೆಯನ್ನೋ ತಪ್ಪಾಗಿ ಆರಿಸಿದ್ದರೆ ಈ ಎರಡು ದಿನಗಳಲ್ಲಿ ಯಾವ ಶುಲ್ಕವೂ ಇಲ್ಲದೆ ಬದಲಾಯಿಸಿಕೊಡುತ್ತೇವೆ.